ಮೌನವಾಗಿ ಕುಳಿತವಳಿಗೆ ಎರಡನೇ ಪ್ರಶ್ನೆ

ನನ್ನ ಖಾಲಾನ ಮಗಳಿಗೆ ರಾಜ್ಯಶಾಸ್ತ್ರದ ಮೌಖಿಕ ಪರೀಕ್ಷೆ ಇತ್ತು. ಅಧ್ಯಾಯ: ಸ್ಥಳೀಯ ಸರ್ಕಾರ. ಬರೆಯಲು ಹೇಳಿದರೆ ಪುಟ ತುಂಬಿಸುತ್ತಾಳೆ, ಎದುರಿಗೆ ಕೂತು ಕೇಳಿದರೆ ತಲೆ ತಗ್ಗಿಸುತ್ತಾಳೆ. ಹಾಗಾಗಿ ಅವಳ ಜೊತೆ ಅಭ್ಯಾಸಕ್ಕೆ ಕೂತೆ.

ಮೊದಲ ಪ್ರಶ್ನೆ: "ಗ್ರಾಮ ಪಂಚಾಯಿತಿಗೂ ಪಟ್ಟಣ ಪಂಚಾಯಿತಿಗೂ ಏನು ವ್ಯತ್ಯಾಸ?" ಉತ್ತರವಿಲ್ಲ. ಅದೇ ಪ್ರಶ್ನೆಯನ್ನು ಜೋರಾಗಿ ಕೇಳಿದೆ. ಇನ್ನೂ ಮುದುಡಿದಳು. ಮನಸ್ಸಿನಲ್ಲೇ ಹತ್ತು ಎಣಿಸಿ, ಅವಳು ಕಣ್ಣಾರೆ ಕಂಡದ್ದನ್ನು ಕೇಳಿದೆ.

"ನಮ್ಮ ಪೀರನವಾಡಿಯಲ್ಲಿ ಇರೋದು ಯಾವ ಪಂಚಾಯಿತಿ?"

"ಪಟ್ಟಣ."

"ಹೊಲ ಇದ್ದ ಜಾಗದಲ್ಲಿ ಈಗ ಏನಿದೆ?"

"ಮನೆ, ಅಂಗಡಿ."

"ಅಂದ್ರೆ ಊರು ಯಾವುದರಿಂದ ಯಾವುದಕ್ಕೆ ಬದಲಾಗ್ತಿದೆ?"

"ಹಳ್ಳಿಯಿಂದ ಪಟ್ಟಣಕ್ಕೆ, ಆಪಾ."

ಸಂವಿಧಾನದ 243ಕ್ಯೂ ವಿಧಿ ಹೇಳುವುದೂ ಇದನ್ನೇ: ಗ್ರಾಮೀಣ ಪ್ರದೇಶದಿಂದ ನಗರ ಪ್ರದೇಶಕ್ಕೆ ಪರಿವರ್ತನೆಯಾಗುತ್ತಿರುವ ಊರಿಗೆ ಈ ಪಂಚಾಯಿತಿ. 1992ರ 73ನೇ ತಿದ್ದುಪಡಿ ಹಳ್ಳಿಗಳಿಗೆ, 74ನೇ ತಿದ್ದುಪಡಿ ಪಟ್ಟಣ ಮತ್ತು ನಗರಗಳಿಗೆ. ಖಾನಾಪುರದಲ್ಲಿರುವುದೂ ಪಟ್ಟಣ ಪಂಚಾಯಿತಿಯೇ.

ಎರಡನೇ ಪ್ರಶ್ನೆ: "ಪಟ್ಟಣ ಪಂಚಾಯಿತಿ ಕಚೇರಿಯ ಮುಖ್ಯ ಅಧಿಕಾರಿ ಯಾರು?" "ಪಿಡಿಒ" ಅಂದಳು. ತಪ್ಪು. ಆದರೆ "ತಪ್ಪು" ಅಂದಿದ್ದರೆ ಮತ್ತೆ ಮೌನವೇ. "ಪಿಡಿಒ ಇರೋದು ಹಳ್ಳಿಯ ಪಂಚಾಯಿತಿಯಲ್ಲೋ, ಪಟ್ಟಣದಲ್ಲೋ?" ಎಂದೆ. ಸ್ವಲ್ಪ ಯೋಚಿಸಿ, "ಹಳ್ಳಿಯಲ್ಲಿ. ಇಲ್ಲಿ ಮುಖ್ಯಾಧಿಕಾರಿ" ಎಂದು ತಾನೇ ತಿದ್ದಿಕೊಂಡಳು.

ಮೂರನೇ ಪ್ರಶ್ನೆ: "ಪಂಚಾಯಿತಿಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಅದನ್ನು ವಿಸರ್ಜಿಸಿದರೆ?" ಅವಳಿಗೆ ಕನ್ನಡದ ಪದ ಸಿಗಲಿಲ್ಲ. ಮನೆಯ ಮಾತಿನಲ್ಲೇ ಹೇಳು ಅಂದೆ. "ಚುನಾವ್" ಅಂದಳು. ಕನ್ನಡದ ಚುನಾವಣೆ ಪಕ್ಕದಲ್ಲೇ ಇತ್ತು! "ಎಷ್ಟರೊಳಗೆ?" ಅಂದೆ. "ಆರು ತಿಂಗಳೊಳಗೆ."

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. "ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಮೀಸಲು ಅಂತ ಸಂವಿಧಾನದಲ್ಲಿದೆ, ಅಲ್ವಾ?" ಎಂದು ಕೇಳಿದೆ. ಅವಳು ತಲೆಯಾಡಿಸಿದಳು. ಉತ್ತರ ನನ್ನ ಪ್ರಶ್ನೆಯಲ್ಲೇ ಇತ್ತು, ಅವಳಿಗೆ ಗೊತ್ತಿತ್ತೋ ಇಲ್ಲವೋ ತಿಳಿಯಲೇ ಇಲ್ಲ. "ಹತ್ತು ವಾರ್ಡ್ ಇದ್ದರೆ ಮಹಿಳೆಯರಿಗೆ ಕನಿಷ್ಠ ಎಷ್ಟು?" ಎಂದು ಕೇಳಬೇಕಿತ್ತು. ಮರುದಿನ ಹಾಗೇ ಕೇಳಿದೆ. "ಮೂರು" ಅಂದಳು. "ಮೂರು ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚೋ, ಕಡಿಮೆಯೋ?" ಬೆರಳು ಮಡಚಿ ಎಣಿಸಿ, "ಕಡಿಮೆ. ಹಾಗಾದ್ರೆ ನಾಲ್ಕು" ಅಂದಳು. ಅವಳಿಗೆ ನಿಯಮ ಅರ್ಥವಾಗಿದೆ ಎಂದು ಆಗಲೇ ನನಗೆ ಖಾತ್ರಿಯಾಯಿತು.

ಕೊನೆಗೆ ಮತ್ತೆ ಮೊದಲ ಪ್ರಶ್ನೆಗೇ ಬಂದೆ, ಸುಳಿವು ಕೊಡದೆ. ತುಂಡು ತುಂಡು ಉತ್ತರಗಳನ್ನು ಅವಳೇ ಜೋಡಿಸಬೇಕಲ್ಲ. ಈ ಸಲ ಮೂರು ಪೂರ್ತಿ ವಾಕ್ಯ ಹೇಳಿದಳು. ದನಿ ಸಣ್ಣದೇ ಇತ್ತು, ಆದರೆ ತಲೆ ತಗ್ಗಿಸಿರಲಿಲ್ಲ.