ಝಡ್-ಪ್ರೈಮ್ 0.81 ಬಂತು, ಆದರೂ ಪ್ಲೇಟ್ ಸುಳ್ಳು ಹೇಳಿತು

ಆಲ್ಫಾ-ಗ್ಲುಕೋಸಿಡೇಸ್ ನಮ್ಮ ಸಣ್ಣ ಕರುಳಿನಲ್ಲಿ ಸಕ್ಕರೆ ಬಿಡಿಸುವ ಎಂಜೈಮ್ (ಪಠ್ಯಪುಸ್ತಕದ ಕನ್ನಡದಲ್ಲಿ ಕಿಣ್ವ). ಇದನ್ನು ತಡೆಯುವ ವಸ್ತು ಸಿಕ್ಕರೆ ಡಯಾಬಿಟಿಸ್‌ಗೆ ಉಪಯೋಗ. ಅಕಾರ್ಬೋಸ್ ಮಾತ್ರೆ ಮಾಡೋದು ಇದೇ ಕೆಲಸ. ಲ್ಯಾಬ್‌ನಲ್ಲಿ ಇಂಥ ವಸ್ತುಗಳನ್ನು ಹುಡುಕೋದು 96 ವೆಲ್‌ಗಳ ಪ್ಲೇಟ್‌ನಲ್ಲಿ. ಪಿಎನ್‌ಪಿಜಿ ಅನ್ನೋ ಬಣ್ಣವಿಲ್ಲದ ಸಬ್‌ಸ್ಟ್ರೇಟ್ ಹಾಕ್ತೀವಿ, ಎಂಜೈಮ್ ಅದನ್ನು ಕತ್ತರಿಸಿದರೆ ಹಳದಿ ಬಣ್ಣ ಬರುತ್ತೆ. 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಸೋಡಿಯಂ ಕಾರ್ಬೊನೇಟ್ ಹಾಕಿ ನಿಲ್ಲಿಸಿ, 405 ನ್ಯಾನೋಮೀಟರ್‌ನಲ್ಲಿ ಓದ್ತೀವಿ. ಹಳದಿ ಕಡಿಮೆ ಅಂದ್ರೆ ಆ ವೆಲ್‌ನಲ್ಲಿದ್ದ ವಸ್ತು ಎಂಜೈಮನ್ನು ತಡೆದಿದೆ ಅಂತ ಅರ್ಥ.

ಈ ಅಸ್ಸೇ ನಂಬಬಹುದಾ? ಅದಕ್ಕೆ 1999ರಲ್ಲಿ ಝಾಂಗ್, ಚುಂಗ್ ಮತ್ತು ಓಲ್ಡನ್‌ಬರ್ಗ್ ಒಂದು ಸೂತ್ರ ಕೊಟ್ಟರು:

```
Z' = 1 - 3(SD_high + SD_low) / |mean_high - mean_low|
```

ಹೈ ಕಂಟ್ರೋಲ್ ಅಂದ್ರೆ ಎಂಜೈಮ್ ಪೂರ್ತಿ ಕೆಲಸ ಮಾಡೋ ವೆಲ್. ಅದರಲ್ಲಿ ಪರೀಕ್ಷೆಯ ವಸ್ತುವಿನ ಬದಲು ಅದನ್ನು ಕರಗಿಸಿದ ಡಿಎಂಎಸ್‌ಒ ಮಾತ್ರ ಇರುತ್ತೆ. ಲೋ ಕಂಟ್ರೋಲ್‌ನಲ್ಲಿ ಎಂಜೈಮ್ ಬದಲು ಬಫರ್. ಎರಡರ ನಡುವೆ ಅಂತರ ದೊಡ್ಡದಿದ್ದು, ಓದುಗಳ ಚೆಲ್ಲಾಟ ಕಡಿಮೆ ಇದ್ದರೆ ಉತ್ತರ 1ರ ಹತ್ತಿರ ಬರುತ್ತೆ. 0.5 ದಾಟಿದರೆ ಅಸ್ಸೇ ಚೆನ್ನಾಗಿದೆ ಅಂತ ಲೆಕ್ಕ.

ಈಗ ಒಂದು ಪ್ಲೇಟ್ ನೋಡೋಣ (ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಇಟ್ಟಿದ್ದು). ಪಿಪೆಟ್ ಮಾಡೋಕೆ ಅನುಕೂಲ ಅಂತ ಎಲ್ಲರೂ ಮಾಡೋ ಹಾಗೆ 1ನೇ ಕಾಲಮ್ ಪೂರ್ತಿ ಹೈ, 12ನೇ ಕಾಲಮ್ ಪೂರ್ತಿ ಲೋ. ಹೈ ಸರಾಸರಿ 1.20, ಎಸ್‌ಡಿ 0.06. ಲೋ ಸರಾಸರಿ 0.10, ಎಸ್‌ಡಿ 0.01. ಸೂತ್ರಕ್ಕೆ ಹಾಕಿದರೆ 1 − 0.21/1.10, ಅಂದ್ರೆ 0.81. ಭರ್ಜರಿ!

ಆದರೆ ಎರಡೂ ಕಾಲಮ್‌ಗಳು ಅಂಚಿನಲ್ಲಿವೆ. ಐಸ್ ಮೇಲಿದ್ದ ದ್ರಾವಣ ಹಾಕಿ ಪ್ಲೇಟನ್ನು ಇನ್‌ಕ್ಯುಬೇಟರ್‌ಗೆ ಇಟ್ಟರೆ ಅಂಚಿನ ವೆಲ್‌ಗಳು ಮೊದಲು ಬಿಸಿಯಾಗ್ತವೆ. ಮಧ್ಯದವು ಸುತ್ತಲೂ ತಣ್ಣಗಿನ ವೆಲ್‌ಗಳ ನಡುವೆ ಕೂತು ನಿಧಾನಕ್ಕೆ ಬೆಚ್ಚಗಾಗ್ತವೆ. 30 ನಿಮಿಷದ ರಿಯಾಕ್ಷನ್‌ಗೆ ಆ ಕೆಲವು ನಿಮಿಷ ದೊಡ್ಡ ವ್ಯತ್ಯಾಸವೇ. ಹಾಗಾಗಿ ಯಾವ ತಡೆಯೂ ಇಲ್ಲದ ಮಧ್ಯದ ವೆಲ್ ಕೂಡ 1.20 ಅಲ್ಲ, 1.00 ಸುಮಾರು ಓದುತ್ತೆ ಅಂದ್ಕೊಳ್ಳಿ. ಹೈ ಸರಾಸರಿಗಿಂತ ಮೂರು ಎಸ್‌ಡಿ ಕೆಳಗೆ ಬಿದ್ದಿದ್ದೆಲ್ಲ ಹಿಟ್ ಅನ್ನೋ ಮಾಮೂಲಿ ನಿಯಮದಲ್ಲಿ ಗೆರೆ ಬರೋದು 1.20 − 0.18 = 1.02ಕ್ಕೆ. ಏನೂ ಮಾಡದ ಮಧ್ಯದ ವೆಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಟ್ ಆಗಿಬಿಟ್ಟವು! ಝಡ್-ಪ್ರೈಮ್‌ಗೆ ಇದು ಗೊತ್ತೇ ಆಗಲ್ಲ, ಯಾಕಂದ್ರೆ ಅದು ನೋಡೋದು ಕಂಟ್ರೋಲ್ ವೆಲ್‌ಗಳನ್ನು ಮಾತ್ರ. ಅವೆಲ್ಲ ಒಂದೇ ರೀತಿ ತಪ್ಪಾಗಿದ್ದರೆ ಎಸ್‌ಡಿ ಚಿಕ್ಕದೇ ಇರುತ್ತೆ.

ಹೈ ಕಂಟ್ರೋಲ್‌ಗಳಲ್ಲಿ ಅರ್ಧ ಅಂಚಿಗೆ, ಅರ್ಧ ಮಧ್ಯಕ್ಕೆ ಹಾಕಿದ್ದರೆ ಸರಾಸರಿ 1.10, ಎಸ್‌ಡಿ 0.12ರ ಹತ್ತಿರ ಹೋಗಿ ಝಡ್-ಪ್ರೈಮ್ 0.61ಕ್ಕೆ ಇಳಿಯುತ್ತಿತ್ತು. ನನ್ನ ಪ್ರಕಾರ ಆ 0.61 ಈ 0.81ಗಿಂತ ಒಳ್ಳೆಯದು, ಏನೋ ಸರಿಯಿಲ್ಲ ಅಂತಾದರೂ ಹೇಳುತ್ತೆ.

ಪತ್ತೆ ಹಚ್ಚೋಕೆ ಒಂದು ಪ್ಲೇಟ್ ಖರ್ಚು ಮಾಡಬೇಕು: 96 ವೆಲ್‌ಗೂ ಹೈ ಕಂಟ್ರೋಲನ್ನೇ ಹಾಕಿ, ಓದುಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಪ್ಲೇಟ್ ಆಕಾರದಲ್ಲೇ ಇಟ್ಟು ಬಣ್ಣ ಹಚ್ಚಿ ನೋಡಿ. ಫೋಟೋ ಫ್ರೇಮ್ ಥರ ಕಂಡರೆ ಅಂಚಿನ ಸಮಸ್ಯೆ. ಒಂದೇ ಒಂದು ಸಾಲು ಬೇರೆಯಾಗಿದ್ದರೆ ಮಲ್ಟಿಚಾನೆಲ್ ಪಿಪೆಟ್‌ನ ಒಂದು ಟಿಪ್ ಮೇಲೆ ಅನುಮಾನ ಪಡಿ. ಮುಂದಿನ ಸಲ ಪ್ಲೇಟ್ ಮತ್ತು ಬಫರನ್ನು ಮೊದಲೇ 37 ಡಿಗ್ರಿಗೆ ತಂದು, ಕೊನೆಗೆ ಸಬ್‌ಸ್ಟ್ರೇಟ್ ಹಾಕಿ ಶುರು ಮಾಡಿ. ಫ್ರೇಮ್ ಮಾಯವಾದರೆ ಕಾರಣ ಬಿಸಿಯೇ. ರಾತ್ರಿಯಿಡೀ ಇಡೋ ಅಸ್ಸೇಗಳಲ್ಲಿ ಮಾತ್ರ ಅಂಚಿನಿಂದ ನೀರು ಆವಿಯಾಗೋದು ದೊಡ್ಡ ತಲೆನೋವು, ಅಲ್ಲಿ ಸೀಲ್ ಬೇಕು. ಒಂದರ ಮೇಲೊಂದು ಪ್ಲೇಟ್ ಪೇರಿಸಬೇಡಿ, ನಡುವಿನದು ತಣ್ಣಗೇ ಉಳಿಯುತ್ತೆ.

ಅಷ್ಟಾದರೂ ಹೋಗದಿದ್ದರೆ ಅಂಚಿನ 36 ವೆಲ್‌ಗೆ ಬರೀ ಬಫರ್ ತುಂಬಿ, ಒಳಗಿನ 60 ಬಳಸಿ. 2 ಮತ್ತು 11ನೇ ಕಾಲಮ್‌ಗಳಲ್ಲಿ ಹೈ, ಲೋ ಒಂದು ಬಿಟ್ಟು ಒಂದು ಹಾಕಿದರೆ ಆರು ಹೈ, ಆರು ಲೋ ಆಗುತ್ತೆ. ಪರೀಕ್ಷೆಗೆ 48 ವೆಲ್ ಉಳಿಯುತ್ತೆ. ಅರ್ಧ ಪ್ಲೇಟ್ ಹೋಯ್ತಲ್ಲಪ್ಪ ಅನ್ಸುತ್ತೆ, ನಿಜ.

ಲೋ ಕಂಟ್ರೋಲ್ ಆಗಿ ಅಕಾರ್ಬೋಸ್ ಯಾಕೆ ಬಳಸಬಾರದು? ನಮ್ಮಂಥ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಸಿಗೋದು ಯೀಸ್ಟ್‌ನ ಎಂಜೈಮ್, ಅದರ ಮೇಲೆ ಅಕಾರ್ಬೋಸ್ ಪ್ರಭಾವ ದುರ್ಬಲ. ಓದು 0.10ಕ್ಕೆ ಇಳಿಯದೆ 0.50ರಲ್ಲೇ ನಿಂತರೆ ಕಿಟಕಿ ಚಿಕ್ಕದಾಗಿ, ಅಸ್ಸೇ ಚೆನ್ನಾಗಿದ್ದರೂ ಝಡ್-ಪ್ರೈಮ್ ಬೀಳುತ್ತೆ. ಅದನ್ನು ಬೇರೆ ಎರಡು-ಮೂರು ವೆಲ್‌ಗೆ ಹಾಕಿ, ತಡೆ ಕಾಣಿಸ್ತಿದೆಯಾ ಅಂತ ನೋಡೋಕೆ ಮಾತ್ರ ಇಟ್ಟುಕೊಳ್ಳಿ. ಇನ್ನು ಗಿಡದ ರಸ ಪರೀಕ್ಷೆ ಮಾಡೋರಿಗೆ ಒಂದು ಮಾತು: ರಸಕ್ಕೇ ಹಳದಿ ಬಣ್ಣ ಇದ್ದರೆ ಅದೂ 405ರಲ್ಲಿ ಓದಿಗೆ ಸೇರಿಕೊಂಡು, ನಿಜವಾದ ತಡೆಯನ್ನು ಮುಚ್ಚಿಬಿಡುತ್ತೆ. ಪ್ರತಿ ರಸಕ್ಕೂ ಎಂಜೈಮ್ ಇಲ್ಲದ ಅದರದ್ದೇ ಒಂದು ವೆಲ್ ಇಟ್ಟು ಕಳೆಯಬೇಕು.