ಕೇಳಿದ್ದು ‘ಸರಿ ಇದೆಯಾ?’ ಎಂದಷ್ಟೇ

ಪ್ರಶ್ನೆ: ನಾನು ರೈಲ್ವೆ ಬುಕಿಂಗ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾಚಿಗೂಡದಲ್ಲೇ ಮನೆ. ನಮ್ಮ ಬಂಧುಬಳಗದಲ್ಲಿ ಯಾರು ಎಲ್ಲಿಗೆ ಹೊರಟರೂ ಟಿಕೆಟ್ ಮೊದಲು ನನಗೆ ತೋರಿಸುವುದು ರೂಢಿ. ಬರ್ಕತ್‌ಪುರದಲ್ಲಿರುವ ನನ್ನ ತಂಗಿ ಮತ್ತು ಭಾವ ಅಕ್ಟೋಬರಿನಲ್ಲಿ ಅಮೆರಿಕದ ಡಿ ಮೊಯ್ನ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದಾರೆ. ಇಬ್ಬರದೂ ಮೊದಲ ವಿದೇಶ ಪ್ರಯಾಣ. ಭಾವನಿಗೆ ಎಪ್ಪತ್ತು ವರ್ಷ, ಮಂಡಿನೋವು ಬೇರೆ. ಮಗ ಕಳುಹಿಸಿದ ಸ್ಕ್ರೀನ್‌ಶಾಟನ್ನು ತಂಗಿ ನನಗೆ ವಾಟ್ಸಾಪ್ ಮಾಡಿ, ‘ಅಣ್ಣಾ, ಇದು ಸರಿ ಇದೆಯಾ?’ ಎಂದಳು. ಹೆಸರು, ತಾರೀಖು, ಊರು ನೋಡಿ ‘ಸರಿ ಇದೆ’ ಎಂದುಬಿಟ್ಟೆ. ಆಮೇಲೆ ನಿದ್ದೆ ಬರುತ್ತಿಲ್ಲ. ಶಿಕಾಗೋದಲ್ಲಿ ಮುಂದಿನ ವಿಮಾನಕ್ಕೆ ಸಮಯ ಸಾಲುತ್ತದೆಯೋ ಇಲ್ಲವೋ ತಿಳಿಯುತ್ತಿಲ್ಲ. ಹಿಂದೊಮ್ಮೆ ಅವಳ ತಿರುಪತಿ ಪ್ರಯಾಣದಲ್ಲಿ ಹನ್ನೆರಡು ತಪ್ಪು ತೋರಿಸಿದ್ದಕ್ಕೆ, ‘ಕೇಳಿದ್ದೊಂದು, ನೀನು ಹೇಳೋದು ಹನ್ನೆರಡು’ ಎಂದು ವಾರಗಟ್ಟಲೆ ಮಾತು ಬಿಟ್ಟಿದ್ದಳು. 12ರ ರಾತ್ರಿ ನಮ್ಮ ಮನೆಯಲ್ಲೇ ಊಟ ಮಾಡಿ ಹೊರಡುತ್ತೇವೆ ಎಂದು ಸಂಭ್ರಮದಲ್ಲಿದ್ದಾಳೆ. ಇನ್ನೂ ಹಣ ಕಟ್ಟಿಲ್ಲ. ಹೇಳಲೋ, ಸುಮ್ಮನಿರಲೋ? ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.
— ಹೆಸರು ಬೇಡ, ಕಾಚಿಗೂಡ, ಹೈದರಾಬಾದ್

ಉತ್ತರ: ಹೇಳಿ. ಆದರೆ ಹನ್ನೆರಡಲ್ಲ, ಮೂರೇ ಮಾತು. ಆ ಮೂರು ಯಾವುವು, ಉಳಿದವನ್ನು ಏಕೆ ಈಗ ಹೇಳಬಾರದು ಎಂಬುದನ್ನು ನಿಮ್ಮ ಸ್ಕ್ರೀನ್‌ಶಾಟ್ ಮುಂದಿಟ್ಟುಕೊಂಡೇ ನೋಡೋಣ.

ಅದರಲ್ಲಿರುವುದು ಇಷ್ಟು. ಅಕ್ಟೋಬರ್ 12ರಂದು 03:50ಕ್ಕೆ ಶಂಶಾಬಾದಿನಿಂದ ಹೊರಟು 05:40ಕ್ಕೆ ದೋಹಾ. ಅಲ್ಲಿಂದ 06:50ಕ್ಕೆ ಹೊರಟು 13:20ಕ್ಕೆ ಶಿಕಾಗೋದ ಓಹೇರ್ ನಿಲ್ದಾಣ. ಮತ್ತೆ 15:00ಕ್ಕೆ ಹೊರಟು 16:15ಕ್ಕೆ ಡಿ ಮೊಯ್ನ್. ಎಲ್ಲವೂ ಆಯಾ ಊರಿನ ಗಡಿಯಾರದ ಸಮಯ. ಮೊದಲೆರಡು ಹಾರಾಟ ಒಂದು ಸಂಸ್ಥೆಯದು, ಮೂರನೆಯದು ಇನ್ನೊಂದರದು. ಲಗೇಜಿನ ಸಾಲಿನಲ್ಲಿ ಮೊದಲೆರಡಕ್ಕೆ 2PC ಎಂದಿದೆ. ಮೂರನೆಯದರ ಎದುರು ಏನೂ ಇಲ್ಲ. ಕೆಳಗೆ ದರವನ್ನು ಎರಡು ಸಾಲಿನಲ್ಲಿ ಬೇರೆ ಬೇರೆ ತೋರಿಸಿದ್ದಾರೆ.

ಮೊದಲ ಮಾತು ತಾರೀಖಿನದು, ಅದು ನಿಮ್ಮ ಪತ್ರದಲ್ಲೇ ಇದೆ. ವಿಮಾನ 12ರ ಬೆಳಗಿನ ಜಾವ 3:50ಕ್ಕೆ ಹಾರುತ್ತದೆ. ತಂಗಿ 12ರ ರಾತ್ರಿ ಊಟಕ್ಕೆ ಬರುತ್ತೇನೆ ಎನ್ನುತ್ತಿದ್ದಾಳೆ. ಅಷ್ಟು ಹೊತ್ತಿಗೆ ಅವರು ಶಿಕಾಗೋ ಹಾದಿಯ ವಿಮಾನದಲ್ಲಿರಬೇಕು. ನಡುರಾತ್ರಿ ದಾಟಿ ಬರುವ ರೈಲಿನ ಬಗ್ಗೆ ಇದೇ ಮಾತನ್ನು ಕೌಂಟರಿನಲ್ಲಿ ಕೂತು ನೀವೇ ಎಷ್ಟೋ ಜನರಿಗೆ ಹೇಳಿರುತ್ತೀರಿ. ಆ ಊಟ 11ರ ರಾತ್ರಿಗೆ ಬರಬೇಕು, ಅದೂ ಬೇಗ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕೆಂದರೆ 11ರ ರಾತ್ರಿ ಹನ್ನೊಂದೂವರೆಗಾದರೂ ಬರ್ಕತ್‌ಪುರ ಬಿಡಬೇಕು.

ಎರಡನೆಯ ಮಾತು ಶಿಕಾಗೋದ್ದು, ನಿಮ್ಮ ನಿದ್ದೆ ಕೆಡಿಸಿರುವುದು ಇದೇ. ಆ ಭಯ ಸುಳ್ಳಲ್ಲ. ನೋಡಲು ಒಂದು ಗಂಟೆ ನಲವತ್ತು ನಿಮಿಷ ಇದೆ. ರೈಲಿನ ಲೆಕ್ಕದಲ್ಲಿ ಅದು ಧಾರಾಳ: ಪ್ಲಾಟ್‌ಫಾರ್ಮ್ ಬದಲಿಸಿ, ಚಹಾ ಕುಡಿದು, ಹತ್ತಬಹುದು. ಆದರೆ ಅಮೆರಿಕಕ್ಕೆ ಬಂದವರು ಆ ದೇಶದಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಬೇಕು. ಹೈದರಾಬಾದಿನಲ್ಲಿ ಕೊಟ್ಟ ಪೆಟ್ಟಿಗೆಗಳನ್ನು ಅಲ್ಲಿ ಕೈಗೆ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಆಮೇಲೆ ಅವನ್ನು ಮತ್ತೆ ವಿಮಾನಕ್ಕೆ ಒಪ್ಪಿಸಿ, ಹೊಸದಾಗಿ ಭದ್ರತಾ ತಪಾಸಣೆಗೆ ನಿಲ್ಲಬೇಕು. ದೋಹಾದಿಂದ ಬರುವ ವಿಮಾನ ಓಹೇರ್‌ನ ಐದನೇ ಟರ್ಮಿನಲ್‌ಗೆ ಬರುತ್ತದೆ. ಒಳನಾಡಿನ ವಿಮಾನಗಳು ಹೆಚ್ಚಾಗಿ ಒಂದು, ಎರಡು, ಮೂರನೇ ಟರ್ಮಿನಲ್‌ಗಳಿಂದ ಹೊರಡುತ್ತವೆ. ನಡುವೆ ನಿಲ್ದಾಣದ್ದೇ ಪುಟ್ಟ ರೈಲು ಓಡುತ್ತದೆ.

ಈಗ ಹಿಂದಿನಿಂದ ಲೆಕ್ಕ ಹಾಕಿ. ವಿಮಾನ 15:00ಕ್ಕೆ. ಅಲ್ಲಿನ ಒಳನಾಡಿನ ಸಂಸ್ಥೆಗಳು ಸಾಮಾನ್ಯವಾಗಿ ಮುಕ್ಕಾಲು ಗಂಟೆ ಮೊದಲೇ ಪೆಟ್ಟಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ಅಂದರೆ 14:15. ವಿಮಾನ ಗೇಟಿಗೆ ಬಂದು ನಿಲ್ಲುವುದು 13:20ಕ್ಕೆ. ಒಂದು ಗಂಟೆ ನಲವತ್ತು ನಿಮಿಷ ಎಂದು ಕಂಡದ್ದರಲ್ಲಿ ನಿಜವಾಗಿ ಕೈಗೆ ಸಿಗುವುದು ಐವತ್ತೈದು ನಿಮಿಷ. ಅದರಲ್ಲೇ ಮಂಡಿನೋವಿನ ಭಾವ ಇಳಿದು ನಡೆಯಬೇಕು, ವಲಸೆ ಸಾಲಿನಲ್ಲಿ ಬೆರಳಚ್ಚು ಕೊಡಬೇಕು, ನಾಲ್ಕು ಪೆಟ್ಟಿಗೆ ಹುಡುಕಿ ತಳ್ಳುಗಾಡಿಗೆ ಹಾಕಬೇಕು, ಇನ್ನೊಂದು ಟರ್ಮಿನಲ್ ಮುಟ್ಟಬೇಕು. ವಲಸೆ ಸಾಲೊಂದೇ ಕೆಲವು ದಿನ ಇಷ್ಟು ಹೊತ್ತು ನುಂಗುತ್ತದೆ. ಗಾಲಿಕುರ್ಚಿ ಕೇಳಿದರೆ ನಡಿಗೆ ತಪ್ಪುತ್ತದೆ, ಆದರೆ ಅದನ್ನು ತಳ್ಳುವವರಿಗಾಗಿ ಕಾಯುವುದು ಸೇರಿಕೊಳ್ಳುತ್ತದೆ. ದೋಹಾದ ವಿಮಾನ ಅರ್ಧ ಗಂಟೆ ತಡವಾದರೆ ಲೆಕ್ಕವೇ ಮುಗಿಯಿತು.

ದೋಹಾದ ಒಂದು ಗಂಟೆ ಹತ್ತು ನಿಮಿಷ ಇದಕ್ಕಿಂತ ಕಡಿಮೆಯಲ್ಲವೇ ಎಂದು ನಿಮಗೆ ಅನ್ನಿಸಬಹುದು. ಅಲ್ಲಿ ವಲಸೆ ಇಲ್ಲ, ಪೆಟ್ಟಿಗೆ ಕೈಗೆ ಬರುವುದಿಲ್ಲ, ಸಂಸ್ಥೆಯೂ ಒಂದೇ, ಟರ್ಮಿನಲ್ಲೂ ಒಂದೇ. ಬಿಗಿಯಾದದ್ದು ನಿಜ, ಆದರೆ ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಆ ಸಂಸ್ಥೆಯ ಜವಾಬ್ದಾರಿ. ಹೊತ್ತು ಹೆಚ್ಚಿರುವ ಶಿಕಾಗೋವೇ ಇಲ್ಲಿ ಅಪಾಯದ ಜಾಗ. ಎಷ್ಟು ನಿಮಿಷ ಇದೆ ಎಂದು ನೋಡುವ ಮೊದಲು, ಆ ನಿಮಿಷಗಳಲ್ಲಿ ಏನೇನು ಆಗಬೇಕು, ತಪ್ಪಿದರೆ ಯಾರ ಹೊಣೆ ಎಂದು ನೋಡಬೇಕು.

ಹೊಣೆಯ ಪ್ರಶ್ನೆಗೆ ಉತ್ತರ ಸ್ಕ್ರೀನ್‌ಶಾಟಿನಲ್ಲಿ ಪೂರ್ತಿ ಕಾಣುವುದಿಲ್ಲ. ಎರಡು ಸಾಲಿನ ದರ ನೋಡಿದರೆ ಮೂರನೇ ಹಾರಾಟ ಬೇರೆಯೇ ಟಿಕೆಟ್ ಇರುವಂತಿದೆ. ಹಾಗಿದ್ದರೆ ಶಿಕಾಗೋದಲ್ಲಿ ತಪ್ಪಿಸಿಕೊಂಡವರನ್ನು ಮೊದಲ ಸಂಸ್ಥೆ ಕೇಳುವುದಿಲ್ಲ, ಅವರು ಶಿಕಾಗೋ ತಲುಪಿಸಿ ಆಯಿತು. ಎರಡನೆಯದರ ಪಾಲಿಗೆ ಇವರು ಬಾರದೇ ಹೋದ ಪ್ರಯಾಣಿಕರು. ರೈಲ್ವೆಯಲ್ಲಿ 2019ರ ಏಪ್ರಿಲ್‌ನಿಂದ ಎರಡು ಪಿಎನ್ಆರ್ ಜೋಡಿಸುವ ಸೌಲಭ್ಯ ಬಂತಲ್ಲ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಅದರ ಹಣ ವಾಪಸು ಸಿಗುವಂತೆ? ಬೇರೆ ಬೇರೆ ಕೊಂಡ ವಿಮಾನ ಟಿಕೆಟುಗಳಿಗೆ ಅಷ್ಟೂ ಇಲ್ಲ.

ಒಂದೇ ಟಿಕೆಟ್ಟೋ ಅಲ್ಲವೋ ತಿಳಿಯುವುದು ಹೇಗೆ? ಹಣ ಕಟ್ಟುವ ಮೊದಲಾದರೆ Self-transfer ಅಥವಾ Separate tickets ಎಂಬ ಮಾತು ಪರದೆಯಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಹಣ ಕಟ್ಟಿದ ಮೇಲಾದರೆ ಟಿಕೆಟ್ ಸಂಖ್ಯೆ ನೋಡಬೇಕು. ಅದು 13 ಅಂಕಿಯದು, ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಸಂಸ್ಥೆಯ ಗುರುತು. ಮೂರೂ ಹಾರಾಟ ಒಂದೇ ಸಂಖ್ಯೆಯಡಿ ಇದ್ದರೆ ಟಿಕೆಟ್ ಒಂದೇ. ಒಂದು ಸಂಖ್ಯೆಯಲ್ಲಿ ನಾಲ್ಕು ಹಾರಾಟ ಮಾತ್ರ ಹಿಡಿಯುತ್ತದೆ. ಹೋಗಿಬರುವ ಆರು ಹಾರಾಟಕ್ಕೆ ಒಂದರ ಹಿಂದೊಂದು ಬರುವ ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ. ಏಜೆಂಟರ ಬುಕಿಂಗ್ ನಂಬರ್ ಒಂದೇ ಇದೆ ಎಂದು ಮಾತ್ರ ನಂಬಬೇಡಿ, ಅದರ ಹೊಟ್ಟೆಯಲ್ಲಿ ಎರಡು ಬೇರೆ ಟಿಕೆಟ್ ಇರಬಹುದು.

ಮೂರನೆಯ ಮಾತು ಲಗೇಜ್, ಅದೂ ಇದೇ ಗಂಟಿಗೆ ಸೇರಿದ್ದು. 2PC ಎಂದರೆ ತಲೆಗೆ ಎರಡು ಪೆಟ್ಟಿಗೆ. ಸಾಮಾನ್ಯ ದರ್ಜೆಯಲ್ಲಿ ಒಂದೊಂದೂ 23 ಕಿಲೋ ಮೀರಬಾರದು. ಇಲ್ಲಿ ನಮ್ಮವರೆಲ್ಲ ಎಡವುತ್ತಾರೆ: ಎರಡೂ ಸೇರಿ 46 ಅಲ್ಲ, ಒಂದೊಂದೂ 23. ಒಂದು 26, ಇನ್ನೊಂದು 20 ಇದ್ದರೆ ಒಟ್ಟು ತೂಕ ಮಿತಿಯೊಳಗಿದ್ದರೂ ಮೊದಲನೆಯದಕ್ಕೆ ದಂಡ. ಅಮೆರಿಕಕ್ಕೆ ಹೋಗುವ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ, ಮೊದಲ ಹಾರಾಟದ ಲಗೇಜ್ ನಿಯಮವೇ ಕೊನೆಯ ಊರಿನವರೆಗೂ ನಡೆಯಬೇಕು ಎಂದು ಅಲ್ಲಿನ ಸಾರಿಗೆ ಇಲಾಖೆಯ ಕಾನೂನಿದೆ. ಬೇರೆ ಟಿಕೆಟ್ ಆದರೆ ಆ ರಕ್ಷಣೆ ಇಲ್ಲ. ಅಲ್ಲಿನ ಒಳನಾಡಿನ ಸಂಸ್ಥೆಗಳು ಪೆಟ್ಟಿಗೆಗೆ ಬೇರೆ ಹಣ ಕೇಳುವುದೇ ಹೆಚ್ಚು. ನಾಲ್ಕು ಪೆಟ್ಟಿಗೆಗೆ 150 ಡಾಲರ್ ದಾಟಬಹುದು. ಮೂರನೇ ಸಾಲಿನ ಎದುರು ಖಾಲಿ ಬಿಟ್ಟಿರುವುದನ್ನು ‘ಉಚಿತ’ ಎಂದು ಓದಬೇಡಿ.

ಸರಿಪಡಿಸುವುದು ಕಷ್ಟವಿಲ್ಲ. ಮೂರೂ ಹಾರಾಟ ಒಂದೇ ಟಿಕೆಟಿನಲ್ಲಿ, ಶಿಕಾಗೋದಲ್ಲಿ ಮೂರು ಗಂಟೆ ಅಂತರವಿಟ್ಟು ಸಿಗುತ್ತದೆಯೇ ಎಂದು ಮಗ ನೋಡಲಿ. ಬೇರೆ ಟಿಕೆಟ್ಟೇ ಆದರೆ ಅಂತರ ಐದು ಗಂಟೆಯಾದರೂ ಇರಲಿ. ಮೂರನೆಯ ದಾರಿಯೂ ಇದೆ: ಶಿಕಾಗೋದಿಂದ ಡಿ ಮೊಯ್ನ್ ಕಾರಿನಲ್ಲಿ ಸುಮಾರು ಐದು ಗಂಟೆಯ ಹಾದಿ. ಮಗನೇ ಬಂದು ಕರೆದುಕೊಂಡು ಹೋದರೆ ಕೊನೆಯ ವಿಮಾನವೂ ಬೇಡ, ಅದರ ಪೆಟ್ಟಿಗೆ ಹಣವೂ ಬೇಡ.

ಇನ್ನು ತಿರುಪತಿಯ ಹನ್ನೆರಡು ತಪ್ಪಿನ ಕಥೆ. ಅಂದು ನೀವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವೆಂದು ನಂಬುತ್ತೇನೆ. ಹಣ ಕಟ್ಟುವ ಮೊದಲು ತಿಳಿಯಬೇಕಾದದ್ದನ್ನೂ ಆಮೇಲೆ ತಿಳಿದರೂ ನಡೆಯುವುದನ್ನೂ ಒಟ್ಟಿಗೆ ಸುರಿದಿದ್ದೀರಿ. ತಂಗಿ ‘ಸರಿ ಇದೆಯಾ?’ ಎಂದಾಗ ಅವಳಿಗೆ ಬೇಕಿರುವುದು ‘ಹಣ ಕಟ್ಟಬಹುದಾ?’ ಎಂಬುದಕ್ಕೆ ಉತ್ತರ. ಅದನ್ನು ಬದಲಿಸುವ ಮಾತು ಈಗ, ಉಳಿದದ್ದೆಲ್ಲ ಆಮೇಲೆ. ಒಂದು ಉದಾಹರಣೆ: ಚಟ್ನಿಪುಡಿಗೆಂದು ಒಣ ಕೊಬ್ಬರಿ ಗಿಟುಕು ಪೆಟ್ಟಿಗೆಯಲ್ಲಿಟ್ಟರೆ ಶಂಶಾಬಾದಿನಲ್ಲೇ ತೆಗೆಸಿಬಿಡುತ್ತಾರೆ. ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ತಿಳಿಯಬೇಕಾದದ್ದೇ, ಆದರೆ ಪೆಟ್ಟಿಗೆ ಕಟ್ಟುವ ವಾರದಲ್ಲಿ. ಈಗ ಹೇಳಿದರೆ ಶಿಕಾಗೋ ಮರೆತು ಕೊಬ್ಬರಿಯ ಮೇಲೆ ಜಗಳವಾದೀತು. ತಾರೀಖಿನ ಮಾತು ಹಣ ಕಟ್ಟುವುದನ್ನು ಬದಲಿಸದಿದ್ದರೂ ಈಗಲೇ ಹೇಳಬೇಕು. ಒಂದು ದಿನ ಆಚೀಚೆಯಾದರೆ ಇಡೀ ಟಿಕೆಟ್ಟೇ ಹೋಗುತ್ತದೆ.

ಇನ್ನೊಂದು ಮಾತು. ನೀವು ಆಗಲೇ ‘ಸರಿ ಇದೆ’ ಎಂದಿದ್ದೀರಿ, ಅದನ್ನು ಮೊದಲು ವಾಪಸು ತೆಗೆದುಕೊಳ್ಳಿ. ಹೀಗೆ ಬರೆದರೆ ಸಾಕು:

‘ತಂಗೀ, ಅವತ್ತು ಅವಸರದಲ್ಲಿ ಸರಿ ಇದೆ ಅಂದೆ, ಪೂರ್ತಿ ನೋಡಿರಲಿಲ್ಲ, ನನ್ನದೇ ತಪ್ಪು. ಹೆಸರು, ತಾರೀಖು, ದೋಹಾ ಎಲ್ಲ ಸರಿ. ಆದರೆ ಈಗಲೇ ಹಣ ಕಟ್ಟಬೇಡಿ. ಶಿಕಾಗೋದಲ್ಲಿ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಕೊಡಬೇಕು, ಅದಕ್ಕೆ ಸಿಗುವುದು ಒಂದು ಗಂಟೆಯೂ ಇಲ್ಲ. ಮೂರೂ ವಿಮಾನ ಒಂದೇ ಟಿಕೆಟ್ಟಾ, ಕೊನೆಯದಕ್ಕೆ ಲಗೇಜ್ ಸೇರಿದೆಯಾ ಅಂತ ಮಗನನ್ನು ಕೇಳು. ಮತ್ತೆ, ವಿಮಾನ 12ರ ಬೆಳಗಿನ ಜಾವ. ಊಟಕ್ಕೆ 11ಕ್ಕೇ ಬನ್ನಿ.’

ಇದನ್ನು ಇವತ್ತೇ ಕಳುಹಿಸಿ. ಕೊಬ್ಬರಿಯ ವಿಷಯ 11ರ ರಾತ್ರಿಯವರೆಗೆ ಮಾತ್ರ ಕಾಯಿಸಬೇಡಿ.