ಶಿಫಾರಸು ಪತ್ರಕ್ಕಾಗಿ ಹಳೆಯ ಗುರುಗಳನ್ನು ಕೇಳುವ ಕ್ರಮ

ಪದವಿ ಮುಗಿಸಿ ಕೆಲವು ವರ್ಷ ದುಡಿದ ತರುವಾಯ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎಸ್. ಅಧ್ಯಯನಕ್ಕೆ ಅರ್ಜಿ ಹಾಕಹೊರಟವರು ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳನ್ನು ಒದಗಿಸಬೇಕಾಗುತ್ತದೆ. ಅವುಗಳಲ್ಲಿ ಒಂದಾದರೂ ಕಾಲೇಜಿನ ಅಧ್ಯಾಪಕರದಾಗಿರುವುದು ಮೇಲು. ಇಲ್ಲಿ ಹಲವರು ಪ್ರಾಂಶುಪಾಲರ ಅಥವಾ ವಿಭಾಗದ ಮುಖ್ಯಸ್ಥರ ಪದವಿಯ ಘನತೆಗೆ ಮನಸೋತು, ತಮ್ಮ ಮುಖಪರಿಚಯವಷ್ಟೇ ಉಳ್ಳ ಹಿರಿಯರ ಬಳಿಗೆ ಹೋಗುತ್ತಾರೆ. ಅಂಥವರ ಪತ್ರವು ಶಿಸ್ತು, ಹಾಜರಾತಿ, ಸನ್ನಡತೆಗಳನ್ನು ಹೊಗಳಬಲ್ಲುದೇ ಹೊರತು ವಿದ್ಯಾರ್ಥಿಯು ಒಂದು ಕಠಿನವಾದ ಸಮಸ್ಯೆಯನ್ನು ಹೇಗೆ ಎದುರಿಸಿದನೆಂಬುದನ್ನು ಹೇಳಲಾರದು. ಪ್ರವೇಶ ಸಮಿತಿಯವರು ಅರಸುವುದಾದರೋ ಇದನ್ನೇ. ಆದುದರಿಂದ ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಾರ್ಗದರ್ಶಕರಾಗಿದ್ದವರನ್ನು, ಅವರು ಎಷ್ಟೇ ಕಿರಿಯ ಅಧ್ಯಾಪಕರಾಗಿರಲಿ, ಮೊದಲು ನೆನೆಯಬೇಕು.

ಮೈಸೂರಿನ ಕಾಲೇಜೊಂದರಲ್ಲಿ 2018ರಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ನೀರು ಸರಬರಾಜಿನ ಕಾಮಗಾರಿಗಳಲ್ಲಿ ದುಡಿಯುತ್ತಿರುವ ತರುಣಿಯೊಬ್ಬಳನ್ನು ಉದಾಹರಣೆಗಾಗಿ ಭಾವಿಸೋಣ. ಅರ್ಜಿಯ ಕಡೆಯ ದಿನ ಡಿಸೆಂಬರ್ 15. ದಸರಾ ರಜೆ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಅಧ್ಯಾಪಕರಿಗೆ ಬಿಡುವು ದೊರೆಯಬೇಕಾದುದರಿಂದ, ಅವಳು ಸೆಪ್ಟೆಂಬರ್ ಕೊನೆಯ ಹೊತ್ತಿಗೇ ಬರೆಯತಕ್ಕದ್ದು. ಮೊದಲ ಪತ್ರ ಹೀಗಿದ್ದರೆ ಸಾಕು:

“ಮಾನ್ಯ ಗುರುಗಳಿಗೆ ನಮಸ್ಕಾರಗಳು. ನಾನು 2014ರಿಂದ 2018ರವರೆಗೆ ತಮ್ಮ ವಿದ್ಯಾರ್ಥಿನಿ. ಕೆರೆಯ ಹೂಳಿನ ಮೇಲಿನ ಪ್ರಾಜೆಕ್ಟನ್ನು ನಮ್ಮ ತಂಡ ತಮ್ಮ ಮಾರ್ಗದರ್ಶನದಲ್ಲಿ ಮಾಡಿತು. ಈಗ ಜಲವಿಜ್ಞಾನದಲ್ಲಿ ಎಂ.ಎಸ್. ಮಾಡಲು ಅರ್ಜಿ ಹಾಕುತ್ತಿದ್ದೇನೆ; ಕಡೆಯ ದಿನ ಡಿಸೆಂಬರ್ 15. ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯುವಷ್ಟು ನೆನಪು ತಮಗಿದೆಯೇ, ಬರೆಯಲು ಬಿಡುವಾದೀತೇ? ಆಗದಿದ್ದಲ್ಲಿ ದಯವಿಟ್ಟು ಸಂಕೋಚಪಡದೆ ತಿಳಿಸಬೇಕು.”

ಜೊತೆಗೆ ತನ್ನ ಯು.ಎಸ್.ಎನ್. ಮತ್ತು ಆ ಕಾಲದ ಒಂದು ಭಾವಚಿತ್ರವಿದ್ದರೆ ನೆನಪು ಬೇಗ ಮರಳುತ್ತದೆ. ಕೊನೆಯ ವಾಕ್ಯವನ್ನು ಬರಿಯ ಸೌಜನ್ಯವೆಂದು ತಿಳಿಯಬಾರದು. ಮನಸ್ಸಿಲ್ಲದೆ ಒಪ್ಪಿದವರ ನೀರಸವಾದ ಪತ್ರಕ್ಕಿಂತ ಸಕಾಲದಲ್ಲಿ ಬಂದ ನಿರಾಕರಣೆಯೇ ಅರ್ಜಿದಾರನಿಗೆ ಹಿತ.

ಒಪ್ಪಿಗೆ ಬಂದ ಮೇಲೆ ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಅರ್ಜಿಯ ಉದ್ದೇಶಪತ್ರದ ಕರಡುಗಳನ್ನು ಕಳುಹಿಸಬೇಕು. ಇಲ್ಲಿಯೇ ನಮ್ಮ ಕಾಲೇಜುಗಳಲ್ಲಿ ರೂಢವಾಗಿರುವ ಒಂದು ಪದ್ಧತಿ ಅಡ್ಡ ಬರುತ್ತದೆ. “ನೀನೇ ಬರೆದು ತಾರಮ್ಮ, ನೋಡಿ ಸಹಿ ಹಾಕುತ್ತೇನೆ” ಎಂದು ಗುರುಗಳು ಸದ್ಭಾವದಿಂದಲೇ ಹೇಳುವುದುಂಟು. ಹಾಗೆ ಬರೆದುಕೊಟ್ಟಲ್ಲಿ ಮೂರು ಪತ್ರಗಳೂ ಒಂದೇ ಶೈಲಿಯಲ್ಲಿ, ಅವೇ ವಿಶೇಷಣಗಳೊಡನೆ ಹೊರಟು, ಓದುವವರಿಗೆ ಅವು ಒಬ್ಬರ ಬರವಣಿಗೆಯೆಂದು ಗೊತ್ತಾಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುರುಗಳ ಸ್ವತಂತ್ರವಾದ ಅಭಿಪ್ರಾಯವೆಂಬ ಪತ್ರದ ಬೆಲೆಯೇ ಇಲ್ಲವಾಗುತ್ತದೆ. ನಮ್ಮ ತರುಣಿಯು ಇದಕ್ಕೆ ಬದಲಾಗಿ, ಹೊಗಳಿಕೆಯ ಒಂದು ಪದವೂ ಇಲ್ಲದ, ಸಂಗತಿಗಳಷ್ಟೇ ಇರುವ ಒಂದು ಪುಟದ ಟಿಪ್ಪಣಿಯನ್ನು ಕೊಡಬಹುದು: ತೂಬಿನ ಬಳಿ ತೆಗೆದ ಮೊದಲ ಆಳದ ಅಳತೆಗಳು ಒಂದಕ್ಕೊಂದು ಹೊಂದದಿದ್ದುದು, ಅಳತೆಯ ಹಗ್ಗ ನೀರಿನಲ್ಲಿ ಓರೆಯಾಗುತ್ತಿದ್ದುದನ್ನು ತಾನು ಕಂಡುಹಿಡಿದುದು, ತಂಡವು ಅವನ್ನು ಮತ್ತೆ ಅಳೆದುದು. ಇಷ್ಟು ಕಣ್ಣಿಗೆ ಬಿದ್ದರೆ ಗುರುಗಳಿಗೆ ತಾವು ಅಂದು ಕಂಡದ್ದು ನೆನಪಾಗುತ್ತದೆ, ಮಿಕ್ಕುದನ್ನು ಅವರೇ ತಮ್ಮ ಮಾತಿನಲ್ಲಿ ಹೇಳುತ್ತಾರೆ.

ಪತ್ರವನ್ನು ಅಂಚೆಯಲ್ಲಿ ಕಳುಹಿಸುವ ಕಾಲ ಬಹುಮಟ್ಟಿಗೆ ಹೋಗಿದೆ. ಅರ್ಜಿಯಲ್ಲಿ ಗುರುಗಳ ಇಮೇಲ್ ವಿಳಾಸವನ್ನು ನಮೂದಿಸಿದಾಗ ವಿಶ್ವವಿದ್ಯಾನಿಲಯವೇ ಅವರಿಗೆ ಒಂದು ಲಿಂಕ್ ಕಳುಹಿಸುತ್ತದೆ. ಸ್ವಂತ ಜಿಮೇಲ್ ವಿಳಾಸವನ್ನು ಒಪ್ಪದ ಸಂಸ್ಥೆಗಳೂ ಉಂಟಾದ್ದರಿಂದ ಕಾಲೇಜಿನ ವಿಳಾಸವನ್ನೇ ಕೊಡುವುದು ಲೇಸು. ಐದು ಕಡೆ ಅರ್ಜಿ ಹಾಕಿದರೆ ಐದು ಲಿಂಕುಗಳು ಬರುವುವಾದುದರಿಂದ, ಸಂಸ್ಥೆಯ ಹೆಸರು ಮತ್ತು ಕಡೆಯ ದಿನಾಂಕಗಳ ಪಟ್ಟಿಯನ್ನು ಮುಂಚೆಯೇ ಕೊಟ್ಟು, ಕಾಣದಿದ್ದಲ್ಲಿ ಸ್ಪ್ಯಾಮ್ ನೋಡುವಂತೆ ಬಿನ್ನವಿಸಬೇಕು. ಪತ್ರವನ್ನು ಮುಂದೆ ಓದುವ ಹಕ್ಕನ್ನು ಬಿಟ್ಟುಕೊಡುವಿರಾ ಎಂದು ಅರ್ಜಿಯಲ್ಲಿ ಕೇಳುವುದುಂಟು. ಬಿಟ್ಟುಕೊಡುವುದೇ ಉಚಿತ, ಏಕೆಂದರೆ ಗೋಪ್ಯವಾದ ಪತ್ರಕ್ಕೆ ಹೆಚ್ಚಿನ ವಿಶ್ವಾಸಾರ್ಹತೆಯಿದೆ. ಪತ್ರ ತಲಪಿತೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಅರ್ಜಿಯ ಪುಟದಲ್ಲಿ ಕಾಣುತ್ತದೆ. ಗಡುವಿಗೆ ಹತ್ತು ದಿನವಿದ್ದಾಗಲೂ ತಲಪಿಲ್ಲವೆಂದು ಕಂಡರೆ ಒಂದು ವಿನೀತವಾದ ಜ್ಞಾಪನೆ, ಮೂರು ದಿನವಿದ್ದಾಗ ಒಂದು ದೂರವಾಣಿ ಕರೆ; ಅದಕ್ಕಿಂತ ಹೆಚ್ಚು ಪೀಡಿಸಬಾರದು.

ಬಹುತೇಕ ಶಿಷ್ಯರು ಇಲ್ಲಿಗೆ ಮೌನವಾಗುತ್ತಾರೆ. ನನಗೆ ಹೆಚ್ಚಿನ ವ್ಯಥೆಯುಂಟುಮಾಡುವುದು ಇದೇ. ಏಪ್ರಿಲ್ ವೇಳೆಗೆ ಫಲಿತಾಂಶಗಳು ಬಹುಮಟ್ಟಿಗೆ ತಿಳಿದಿರುತ್ತವೆ. ಐದರಲ್ಲಿ ನಾಲ್ಕು ಕಡೆ ನಿರಾಕರಣೆಯಾಗಿದ್ದರೂ ಅದನ್ನು ಗುರುಗಳಿಗೆ ತಿಳಿಸಬೇಕು, ಮುಂದಿನ ವಿದ್ಯಾರ್ಥಿಗೆ ಬರೆಯುವಾಗ ಅವರಿಗೆ ಅದು ಉಪಯುಕ್ತವಾದ ವಿಷಯ. ತರುವಾಯ ವರ್ಷಕ್ಕೊಮ್ಮೆ, ಯುಗಾದಿಗೋ ಶಿಕ್ಷಕರ ದಿನಕ್ಕೋ, ಯಾವ ಬೇಡಿಕೆಯೂ ಇಲ್ಲದ ಅರ್ಧಪುಟ: ಏನನ್ನು ಓದುತ್ತಿದ್ದೇನೆ, ಅವರು ಕಲಿಸಿದ ಯಾವ ವಿಷಯ ಎಲ್ಲಿ ಪ್ರಯೋಜನಕ್ಕೆ ಬಂತು. ಇಂಥ ಪತ್ರಗಳ ಆಧಾರವಿದ್ದಲ್ಲಿ, ಹಲವು ವರ್ಷಗಳ ಮೇಲೆ ತಮ್ಮ ಪರಿಚಯದ ವಿಜ್ಞಾನಿಯೊಬ್ಬರಿಗೆ ಶಿಷ್ಯೆಯ ವಿಷಯ ತಿಳಿಸುವುದು ಗುರುಗಳಿಗೆ ಸುಲಭ. ಆಗಲೂ ಅವರು ಹಾಗೆಯೇ ಮುಂದಕ್ಕೆ ಕಳುಹಿಸಬಹುದಾದ ನಾಲ್ಕು ಸಾಲಿನ ಆತ್ಮಪರಿಚಯವನ್ನು ಪ್ರತ್ಯೇಕವಾಗಿ ಬರೆದುಕೊಡಬೇಕು. ಗುರುಗಳು ನಿವೃತ್ತರಾದ ಮೇಲೆ ಕಾಲೇಜಿನ ಇಮೇಲ್ ನಿಂತುಹೋಗಬಹುದಾದ್ದರಿಂದ, ಅವರ ಸ್ವಂತ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಅದಕ್ಕೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.